ಅಣುವಿನ ಚಿತ್ರ ನೋಡಿ ಬಣ್ಣ ಹೇಳುವುದು: ಕಾಂಜುಗೇಶನ್ ಲೆಕ್ಕದ ಹಂತ ಹಂತದ ಮಾರ್ಗದರ್ಶಿ

ಒಂದು ಸಾವಯವ ಅಣುವಿನ ಚಿತ್ರ ಕೊಟ್ಟು "ಇದಕ್ಕೆ ಬಣ್ಣ ಇದೆಯೇ? ಇದ್ದರೆ ಯಾವುದು?" ಎಂದು ಕೇಳಿದರೆ ಹೆಚ್ಚಿನವರು ಒಂದೇ ದಾರಿ ಹಿಡಿಯುತ್ತಾರೆ. ಕಣ್ಣಿಗೆ ಬಿದ್ದ ದ್ವಿಬಂಧಗಳನ್ನೆಲ್ಲ ಎಣಿಸುತ್ತಾರೆ. "ಜಾಸ್ತಿ ಇವೆ, ಹಾಗಾಗಿ ಜಾಸ್ತಿ ಶಕ್ತಿಯ ಬೆಳಕು ಬೇಕು" ಎಂದು ಬರೆಯುತ್ತಾರೆ. ಕೊನೆಗೆ ಅಣು ಹೀರುವ ಬೆಳಕಿನ ಬಣ್ಣವನ್ನೇ ಅಣುವಿನ ಬಣ್ಣ ಎಂದು ಹೇಳಿ ಮುಗಿಸುತ್ತಾರೆ. ಮೂರು ಹೆಜ್ಜೆ, ಮೂರೂ ತಪ್ಪು. ಇಂಥ ಉತ್ತರಗಳನ್ನು ತಿದ್ದಿ ತಿದ್ದಿ ಸಾಕಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಾಂಜುಗೇಶನ್ ಅಂದರೆ ದ್ವಿಬಂಧ, ಏಕಬಂಧ, ಮತ್ತೆ ದ್ವಿಬಂಧ ಎಂದು ಒಂದು ಬಿಟ್ಟು ಒಂದು ಬರುವ ಬಂಧಗಳ ಸರಪಳಿ. ಕ್ರಮ ಹೀಗಿರಲಿ: ಮೊದಲು ಈ ಸರಪಳಿ, ಆಮೇಲೆ ಶಕ್ತಿ, ಆಮೇಲೆ ತರಂಗಾಂತರ, ಕೊನೆಗೆ ಬಣ್ಣ. ಮಧ್ಯದ ಒಂದನ್ನು ಹಾರಿದರೂ ಉತ್ತರ ಕೆಡುತ್ತದೆ. ಉದಾಹರಣೆಗೆ ಮೂರು ಅಣುಗಳನ್ನು ಕೊನೆತನಕ ಜೊತೆಗಿಟ್ಟುಕೊಳ್ಳೋಣ: ರೆಟಿನಾಲ್ (ಅಂದರೆ ವಿಟಮಿನ್ ಎ), ಬೀಟಾ ಕ್ಯಾರೊಟೀನ್ ಮತ್ತು ಲೈಕೊಪೀನ್. ಇವು ಒಂದೇ ಮನೆತನದವು. ಬೀಟಾ ಕ್ಯಾರೊಟೀನನ್ನು ಸರಿಯಾಗಿ ನಡುವೆ ಕತ್ತರಿಸಿದರೆ ಸಿಗುವ ತುಂಡಿನಿಂದಲೇ ರೆಟಿನಾಲ್ ಆಗುತ್ತದೆ. ಲೈಕೊಪೀನ್ ಅಂದರೆ ಎರಡೂ ತುದಿಯ ಉಂಗುರಗಳು ಬಿಚ್ಚಿಕೊಂಡ ಕ್ಯಾರೊಟೀನ್ ಎಂದುಕೊಳ್ಳಿ.

## ಶುರು ಮಾಡುವ ಮೊದಲು

ಬೇಕಾದದ್ದು ಜಾಸ್ತಿ ಏನಿಲ್ಲ. ಅಣುವಿನ ಪೂರ್ತಿ ರಚನಾ ಚಿತ್ರ, ಎರಡು ಬಣ್ಣದ ಪೆನ್ನು, ಒಂದು ಕ್ಯಾಲ್ಕ್ಯುಲೇಟರ್. ಚಿತ್ರವನ್ನು ನೋಡಿ ಬಿಡಬೇಡಿ, ನಿಮ್ಮ ಕೈಯಲ್ಲೇ ಮತ್ತೆ ಬರೆಯಿರಿ. ಅಂಕುಡೊಂಕು ಗೆರೆಯ ಚಿತ್ರದಲ್ಲಿ ಹೈಡ್ರೋಜನ್ ಕಾಣುವುದಿಲ್ಲ. ಸರಪಳಿ ಎಲ್ಲಿ ಕಡಿದಿದೆ ಎಂದು ಹೇಳುವುದು ಹೆಚ್ಚಾಗಿ ಆ ಕಾಣದ ಹೈಡ್ರೋಜನ್‌ಗಳೇ.

ಲೆಕ್ಕವನ್ನು ಅಳತೆ ಮಾಡಿ ನೋಡುವವರಿಗೆ ಸ್ಪೆಕ್ಟ್ರೋಫೋಟೋಮೀಟರ್ ಮತ್ತು ಹೆಕ್ಸೇನ್ ಬೇಕು. ರೆಟಿನಾಲ್‌ನಂಥ ಅಣುವಿಗೆ ಕ್ವಾರ್ಟ್ಜ್ ಕ್ಯೂವೆಟ್ ಕೂಡ ಬೇಕೇ ಬೇಕು. ಸಾಮಾನ್ಯ ಗಾಜು ಅತಿನೇರಳೆ ಬೆಳಕನ್ನು ತಾನೇ ನುಂಗುತ್ತದೆ. ಅಸಿಟೋನ್ ಕೂಡ ಹಾಗೆಯೇ, ಸುಮಾರು 330 ನ್ಯಾನೋಮೀಟರ್‌ಗಿಂತ ಕೆಳಗೆ ಅದು ಕತ್ತಲೆಯ ಪರದೆ. ಗ್ರಾಫ್ ಎಡಗಡೆಗೆ ಹೋಗುತ್ತ ಗೋಡೆಯ ಹಾಗೆ ನೆಟ್ಟಗೆ ಏರಿದರೆ ನೀವು ಅಳೆಯುತ್ತಿರುವುದು ಅಣುವನ್ನಲ್ಲ, ಪಾತ್ರೆಯನ್ನೋ ದ್ರಾವಕವನ್ನೋ.

## ಹಂತ 1: ಉದ್ದವಾದರೆ ಅಂತರ ಯಾಕೆ ಕುಗ್ಗುತ್ತದೆ ಎಂದು ಮೊದಲು ನೋಡಿ

ಈ ಹಂತವನ್ನು ಬಿಟ್ಟು ನೇರ ಸೂತ್ರಕ್ಕೆ ಹೋಗುವವರೇ ಮುಂದೆ ಎಡವುತ್ತಾರೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಎಥೀನ್‌ನಲ್ಲಿ ಎರಡು ಕಾರ್ಬನ್. ಒಂದೊಂದರ ಮೇಲೆ ಒಂದು ಪಿ ಆರ್ಬಿಟಲ್. ಎರಡೂ ಸೇರಿದಾಗ ಎರಡು ಮಟ್ಟಗಳಾಗುತ್ತವೆ: ಕೆಳಗೊಂದು, ಮೇಲೊಂದು. ಎರಡು ಪೈ ಎಲೆಕ್ಟ್ರಾನ್‌ಗಳು ಕೆಳಗಿನದರಲ್ಲಿ ಕೂರುತ್ತವೆ. ಬೆಳಕು ಹೀರುವುದೆಂದರೆ ಒಂದು ಎಲೆಕ್ಟ್ರಾನ್ ಕೆಳಗಿನ ಮಟ್ಟದಿಂದ ಮೇಲಿನದಕ್ಕೆ ನೆಗೆಯುವುದು. ಈ ನೆಗೆತಕ್ಕೆ ಎಷ್ಟು ಶಕ್ತಿ ಬೇಕೋ ಅಷ್ಟೇ ಶಕ್ತಿಯ ಬೆಳಕು ಮಾತ್ರ ಹೀರಲ್ಪಡುತ್ತದೆ.

ಈಗ ಬ್ಯುಟಾಡೈಯೀನ್. ಎರಡು ದ್ವಿಬಂಧ, ನಡುವೆ ಒಂದು ಏಕಬಂಧ. ನಾಲ್ಕು ಪಿ ಆರ್ಬಿಟಲ್ ಸೇರಿ ನಾಲ್ಕು ಮಟ್ಟಗಳಾದವು. ನಾಲ್ಕು ಎಲೆಕ್ಟ್ರಾನ್‌ಗಳು ಕೆಳಗಿನ ಎರಡನ್ನು ತುಂಬಿದವು. ತುಂಬಿದ ಮಟ್ಟಗಳಲ್ಲಿ ಅತಿ ಮೇಲಿನದು ಹೋಮೊ, ಖಾಲಿ ಮಟ್ಟಗಳಲ್ಲಿ ಅತಿ ಕೆಳಗಿನದು ಲೂಮೊ. ನೆಗೆತ ಈಗ ಇವೆರಡರ ನಡುವೆ. ಹೋಮೊ ಮೇಲಕ್ಕೆ ಬಂದಿದೆ, ಲೂಮೊ ಕೆಳಕ್ಕೆ ಇಳಿದಿದೆ, ಅಂತರ ಕಿರಿದಾಗಿದೆ. ಎಲ್ಲ ಬಂಧಗಳೂ ಒಂದೇ ಥರ ಎಂದು ಭಾವಿಸುವ ಸರಳ ಹ್ಯೂಕೆಲ್ ಲೆಕ್ಕದಲ್ಲಿ ಎಥೀನ್‌ನ ಅಂತರವನ್ನು 2 ಎಂದಿಟ್ಟುಕೊಂಡರೆ ಬ್ಯುಟಾಡೈಯೀನ್‌ನದು 1.24, ಹೆಕ್ಸಾಟ್ರೈಯೀನ್‌ನದು 0.89.

ಏಣಿಯ ಹೋಲಿಕೆ ಇಲ್ಲಿ ಸರಿಯಾಗಿ ಕೂರುತ್ತದೆ. ಏಣಿಯ ಒಟ್ಟು ಎತ್ತರಕ್ಕೆ ಒಂದು ಮಿತಿ ಇದೆ, ಹ್ಯೂಕೆಲ್ ಲೆಕ್ಕದಲ್ಲಿ ಅದು 4ನ್ನು ದಾಟುವುದಿಲ್ಲ. ಮೆಟ್ಟಿಲುಗಳು ಮಾತ್ರ ಹೆಚ್ಚುತ್ತಾ ಹೋಗುತ್ತವೆ. ಅಷ್ಟೇ ಎತ್ತರದಲ್ಲಿ ಹೆಚ್ಚು ಮೆಟ್ಟಿಲು ತುರುಕಿದರೆ ಮೆಟ್ಟಿಲಿಂದ ಮೆಟ್ಟಿಲಿಗೆ ದೂರ ಕಡಿಮೆಯಾಗಲೇಬೇಕು, ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. "ಎಲ್ಲ ಬಂಧಗಳೂ ಒಂದೇ ಥರ" ಎಂಬ ಮಾತನ್ನು ಮರೆಯಬೇಡಿ. ಹಂತ 6ರಲ್ಲಿ ಅದೇ ನಮ್ಮ ಕಾಲು ಹಿಡಿಯುತ್ತದೆ.

## ಹಂತ 2: ಸರಪಳಿಯನ್ನು ಗುರುತಿಸಿ, ಎಲ್ಲಿ ಕಡಿದಿದೆ ಎಂದು ನೋಡಿ

ಒಂದು ಬಣ್ಣದ ಪೆನ್ನಿನಿಂದ ಎಲ್ಲ ದ್ವಿಬಂಧಗಳ ಮೇಲೆ ಗೆರೆ ಎಳೆಯಿರಿ. ಆಮೇಲೆ ಇನ್ನೊಂದು ಬಣ್ಣದಿಂದ, ಎರಡು ದ್ವಿಬಂಧಗಳ ನಡುವೆ ಸರಿಯಾಗಿ ಒಂದೇ ಏಕಬಂಧ ಇರುವ ಕಡೆ ಮಾತ್ರ ಅವುಗಳನ್ನು ಸೇರಿಸಿ. ಎರಡನೇ ಬಣ್ಣ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸರಪಳಿ ಮುಗಿಯಿತು.

ಲೈಕೊಪೀನ್ ಮೇಲೆ ಇದನ್ನು ಮಾಡಿ ನೋಡಿ. ಒಟ್ಟು ದ್ವಿಬಂಧಗಳು 13. ಆದರೆ ಎರಡೂ ತುದಿಯ ಒಂದೊಂದು ದ್ವಿಬಂಧವನ್ನು ಉಳಿದವುಗಳಿಂದ ಎರಡು CH₂ ಗುಂಪುಗಳು ಬೇರೆ ಮಾಡಿವೆ. CH₂ದಲ್ಲಿರುವ ಕಾರ್ಬನ್ ತನ್ನ ನಾಲ್ಕೂ ಕೈಗಳನ್ನು ಏಕಬಂಧಗಳಿಗೆ ಕೊಟ್ಟುಬಿಟ್ಟಿದೆ. ಪಕ್ಕದವರ ಜೊತೆ ಸೇರಲು ಅದರ ಬಳಿ ಪಿ ಆರ್ಬಿಟಲ್ ಉಳಿದಿಲ್ಲ. ಹಾಗಾಗಿ ಲೆಕ್ಕಕ್ಕೆ ಬರುವುದು 11 ಮಾತ್ರ. ತುದಿಯ ಎರಡು ದ್ವಿಬಂಧಗಳು ಎಥೀನ್ ಥರ ತಮ್ಮ ಪಾಡಿಗೆ ಎಲ್ಲೋ ದೂರದ ಅತಿನೇರಳೆಯಲ್ಲಿ ಹೀರಿಕೊಂಡಿರುತ್ತವೆ, ಬಣ್ಣಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. 13 ಎಂದು ಬರೆಯುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು.

ಬೀಟಾ ಕ್ಯಾರೊಟೀನ್‌ನಲ್ಲೂ 11. ಇಲ್ಲಿ ಎಲ್ಲವೂ ಒಂದೇ ಸರಪಳಿಯಲ್ಲಿವೆ, 9 ಉದ್ದದ ಸರಪಳಿಯಲ್ಲಿ, ತುದಿಯ ಉಂಗುರಗಳೊಳಗೆ ಒಂದೊಂದು. ರೆಟಿನಾಲ್‌ನಲ್ಲಿ 5.

ಎಣಿಸಿ ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ಚಪ್ಪಟೆಯಾಗಿದೆಯೇ? ಪಕ್ಕಪಕ್ಕದ ಪಿ ಆರ್ಬಿಟಲ್‌ಗಳು ಒಂದೇ ದಿಕ್ಕಿಗೆ ನಿಂತಿದ್ದರೆ ಮಾತ್ರ ಚೆನ್ನಾಗಿ ಬೆಸೆಯುತ್ತವೆ. ನಡುವಿನ ಏಕಬಂಧ 90 ಡಿಗ್ರಿ ತಿರುಚಿಕೊಂಡರೆ ಕಾಗದದ ಮೇಲೆ ಸರಪಳಿ ಇದ್ದರೂ ನಿಜದಲ್ಲಿ ಕಡಿದ ಹಾಗೆಯೇ. ಬೀಟಾ ಕ್ಯಾರೊಟೀನ್‌ನ ಉಂಗುರದ ಮೇಲಿರುವ ಮೀಥೈಲ್ ಗುಂಪುಗಳು ಸರಪಳಿಯ ಹೈಡ್ರೋಜನ್‌ಗಳಿಗೆ ಒತ್ತಿಕೊಳ್ಳುತ್ತವೆ. ಜಾಗ ಸಾಲದೆ ಉಂಗುರ ಸುಮಾರು 40 ಡಿಗ್ರಿ ತಿರುಗಿ ನಿಲ್ಲುತ್ತದೆ. ಸರಪಳಿ ಕಡಿಯಲಿಲ್ಲ, ಆದರೆ ತುದಿಯ ಎರಡು ದ್ವಿಬಂಧಗಳು ಅರೆಮನಸ್ಸಿನಿಂದ ಕೈ ಹಿಡಿದಿವೆ. ಲೈಕೊಪೀನ್‌ಗೆ ಉಂಗುರವೇ ಇಲ್ಲದ ಕಾರಣ ಈ ತೊಂದರೆ ಇಲ್ಲ. ಎರಡರಲ್ಲೂ 11 ಇದ್ದರೂ ಬಣ್ಣ ಬೇರೆಯಾಗುವುದು ಇಲ್ಲಿಂದಲೇ.

## ಹಂತ 3: ಶಕ್ತಿಯಲ್ಲಿ ಯೋಚಿಸಿ, ಆಮೇಲೆ ನ್ಯಾನೋಮೀಟರ್‌ಗೆ ಬನ್ನಿ

ಮಟ್ಟಗಳ ಅಂತರ ಶಕ್ತಿಯಲ್ಲಿದೆ. ಯಂತ್ರ ತೋರಿಸುವುದು ತರಂಗಾಂತರವನ್ನು. ಇವೆರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಓಡುತ್ತವೆ. ಒಂದು ಚಿಕ್ಕ ಸೂತ್ರ ನೆನಪಿದ್ದರೆ ಸಾಕು:

```
E (eV) = 1240 / λ (nm)
```

ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್. ಸೂತ್ರಕ್ಕೆ ಹಾಕಿದರೆ 3.1ರಿಂದ 1.8 ಎಲೆಕ್ಟ್ರಾನ್ ವೋಲ್ಟ್. ಅಂದರೆ ಅಂತರ 3.1ಕ್ಕಿಂತ ಕೆಳಗೆ ಇಳಿಯುವ ತನಕ ಅಣು ಬಿಳಿ ಅಥವಾ ಬಣ್ಣವಿಲ್ಲದ್ದು.

ಎಥೀನ್ ಹೀರುವುದು ಸುಮಾರು 165ರಲ್ಲಿ, ಅಂದರೆ 7.5 ಎಲೆಕ್ಟ್ರಾನ್ ವೋಲ್ಟ್. ಬ್ಯುಟಾಡೈಯೀನ್ 217ರಲ್ಲಿ, 5.7. ಹೆಕ್ಸಾಟ್ರೈಯೀನ್ 258ರಲ್ಲಿ, 4.8. ಮೂರೂ ಅತಿನೇರಳೆಯಲ್ಲೇ ಇವೆ, ಮೂರಕ್ಕೂ ಬಣ್ಣ ಇಲ್ಲ. ಆದರೆ ಇಳಿಕೆಯನ್ನು ಗಮನಿಸಿ: ಮೊದಲ ಹೆಜ್ಜೆಯಲ್ಲಿ 1.8 ಇಳಿಯಿತು, ಎರಡನೆಯದರಲ್ಲಿ 0.9. ಮುಂದಿನ ಹೆಜ್ಜೆಗಳು ಇನ್ನೂ ಚಿಕ್ಕವು. "ಮೂರು ದ್ವಿಬಂಧಕ್ಕೆ 258 ಆದರೆ ಆರಕ್ಕೆ 516" ಎಂದು ದುಪ್ಪಟ್ಟು ಮಾಡುವವರಿಗೆ ಉತ್ತರ ಕೈಕೊಡುವುದು ಇದಕ್ಕೇ.

ತಪ್ಪಿನ ಗುರುತು ಸುಲಭ. ಉದ್ದ ಹೆಚ್ಚಿಸಿದಾಗ ನಿಮ್ಮ ಎಲೆಕ್ಟ್ರಾನ್ ವೋಲ್ಟ್ ಸಂಖ್ಯೆಯೂ ಹೆಚ್ಚಿದರೆ ಎಲ್ಲೋ ತಲೆಕೆಳಗಾಗಿದೆ.

## ಹಂತ 4: ತರಂಗಾಂತರವನ್ನು ಅಂದಾಜು ಮಾಡಿ

ನಾಲ್ಕು ದ್ವಿಬಂಧಗಳ ತನಕ ವುಡ್‌ವರ್ಡ್–ಫೀಸರ್ ನಿಯಮಗಳು ನಡೆಯುತ್ತವೆ. ಬ್ಯುಟಾಡೈಯೀನ್‌ನಿಂದ ಶುರು ಮಾಡಿ, ಸರಪಳಿಯನ್ನು ಉದ್ದ ಮಾಡುವ ಪ್ರತಿ ದ್ವಿಬಂಧಕ್ಕೆ 30, ಪ್ರತಿ ಆಲ್ಕೈಲ್ ಗುಂಪಿಗೆ 5 ಕೂಡಿಸುತ್ತ ಹೋಗುವುದು. ಅದಕ್ಕಿಂತ ಉದ್ದದ ಪಾಲಿಯೀನ್‌ಗಳಿಗೆ ಫೀಸರ್–ಕೂನ್ ಸೂತ್ರ ಬೇಕು. ನಮ್ಮ ಮೂರೂ ಅಣುಗಳಿಗೆ ಇದೇ:

```
λ = 114 + 5M + n(48 − 1.7n) − 16.5R − 10X
```

ಇದರಲ್ಲಿ n ಅಂದರೆ ಸರಪಳಿಯ ದ್ವಿಬಂಧಗಳು. M ಅಂದರೆ ಆ ಸರಪಳಿಗೆ ಅಂಟಿಕೊಂಡಿರುವ ಆಲ್ಕೈಲ್ ಗುಂಪುಗಳು, ಉಂಗುರದ ಕೈಗಳೂ ಸೇರಿ. R ಅಂದರೆ ಉಂಗುರದ ಒಳಗೆ ದ್ವಿಬಂಧ ಇರುವ ಉಂಗುರಗಳು. X ಅಂದರೆ ಉಂಗುರದಿಂದ ಹೊರಗೆ ಚಾಚಿದ ದ್ವಿಬಂಧ ಇರುವ ಉಂಗುರಗಳು. ನಮ್ಮ ಮೂರರಲ್ಲೂ X ಸೊನ್ನೆ.

ರೆಟಿನಾಲ್ ಮೊದಲು. n = 5, R = 1. Mಗಾಗಿ ಸರಪಳಿಯ ಒಂದೊಂದೇ ಕಾರ್ಬನ್ ಮುಟ್ಟುತ್ತ ಹೋಗಿ. ಉಂಗುರದ ಒಂದು ಕಾರ್ಬನ್ ಮೇಲೆ ಒಂದು ಮೀಥೈಲ್, ಒಂದು ಉಂಗುರದ ಕೈ. ಪಕ್ಕದ ಕಾರ್ಬನ್ ಮೇಲೆ ಇನ್ನೊಂದು ಉಂಗುರದ ಕೈ. ಇಲ್ಲಿಗೆ ಮೂರಾಯಿತು. ಸರಪಳಿಯ ಮೇಲೆ ಎರಡು ಮೀಥೈಲ್, ಐದಾಯಿತು. ತುದಿಯಲ್ಲಿ CH₂OH, ಆರಾಯಿತು.

```
114 + 30 + 5(48 − 8.5) − 16.5 = 325
```

ಅಳತೆಯಲ್ಲೂ 325 ನ್ಯಾನೋಮೀಟರ್ ಆಸುಪಾಸೇ ಬರುತ್ತದೆ. ಅತಿನೇರಳೆ.

ಬೀಟಾ ಕ್ಯಾರೊಟೀನ್‌ಗೆ n = 11, R = 2. ಒಂದೊಂದು ಅರ್ಧದಲ್ಲಿ ಐದೈದು ಗುಂಪು, ಹಾಗಾಗಿ M = 10.

```
114 + 50 + 11(48 − 18.7) − 33 = 453
```

ಹೆಕ್ಸೇನ್‌ನಲ್ಲಿ ಅಳೆದರೆ ಸುಮಾರು 450. ನೀಲಿ ಬೆಳಕಿನ ನಡುಮನೆ.

ಲೈಕೊಪೀನ್‌ಗೆ n = 11, R = 0, M = 8.

```
114 + 40 + 11(48 − 18.7) = 476
```

ಅಳತೆಯಲ್ಲಿ ಮುಖ್ಯ ಶಿಖರ ಸುಮಾರು 472ರಲ್ಲಿದೆ. ಕ್ಯಾರೊಟೀನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲಿಂದ ಬಂತು ನೋಡಿ. ಉಂಗುರಕ್ಕೆಂದು ಕಳೆದ 33ರಿಂದ, ಅದರಲ್ಲಿ 10ನ್ನು ಮಾತ್ರ ಕ್ಯಾರೊಟೀನ್‌ನ ಹೆಚ್ಚಿನ M ಮರಳಿ ಕೊಟ್ಟಿದೆ. ಹಂತ 2ರಲ್ಲಿ ನೋಡಿದ ಆ ತಿರುಚಿದ ಕೊಂಡಿಯ ದಂಡವೇ ಸೂತ್ರದಲ್ಲಿ 16.5 ಎಂದು ಕೂತಿದೆ.

ಈ ಸೂತ್ರಕ್ಕೆ ಒಂದು ಅಂಚಿದೆ, ಅದನ್ನು ಯಾರೂ ನೋಡುವುದಿಲ್ಲ. n(48 − 1.7n) ಭಾಗವನ್ನು n = 14, 15, 16ಕ್ಕೆ ಹಾಕಿ ನೋಡಿ. 338.8, 337.5, 332.8 ಬರುತ್ತದೆ. 14 ದಾಟಿದ ಮೇಲೆ ಸರಪಳಿ ಉದ್ದವಾದಷ್ಟೂ ತರಂಗಾಂತರ ಕಡಿಮೆ ಎಂದು ಸೂತ್ರ ಹೇಳತೊಡಗುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ. ಇದು ಅಳತೆಗಳಿಗೆ ಹೊಂದಿಸಿ ಮಾಡಿದ ಸೂತ್ರ, ತನ್ನ ಪ್ರದೇಶದ ಹೊರಗೆ ಅದಕ್ಕೆ ಬುದ್ಧಿ ಇಲ್ಲ. 12–13ರ ಆಚೆ ಇದನ್ನು ನಂಬಬೇಡಿ.

## ಹಂತ 5: ಹೀರಿದ್ದರಿಂದ ಕಾಣುವ ಬಣ್ಣಕ್ಕೆ

ಕ್ಯಾರೊಟೀನ್ ನೀಲಿಯನ್ನು ಹೀರುತ್ತದೆ, ಆದ್ದರಿಂದ ಅದು ನೀಲಿ ಎಂದು ಬರೆಯಬೇಡಿ. ಹೀರಿದ್ದು ನಮ್ಮ ಕಣ್ಣಿಗೆ ಬರುವುದೇ ಇಲ್ಲ. ಉಳಿದದ್ದು ಬರುತ್ತದೆ. ಬಿಳಿ ಬೆಳಕಿನಿಂದ ಒಂದು ಪಟ್ಟಿ ಕಿತ್ತರೆ ಉಳಿಯುವುದು ಸ್ಥೂಲವಾಗಿ ಹೀಗೆ:

- 400–430, ನೇರಳೆ ಹೋದರೆ: ಹಸಿರು ಛಾಯೆಯ ಹಳದಿ
- 430–490, ನೀಲಿ ಹೋದರೆ: ಹಳದಿಯಿಂದ ಕಿತ್ತಳೆ
- 490–560, ಹಸಿರು ಹೋದರೆ: ಕೆಂಪು, ಗಾಢ ಗುಲಾಬಿ
- 560–595, ಹಳದಿ ಹೋದರೆ: ನೇರಳೆ
- 595–650, ಕಿತ್ತಳೆ ಹೋದರೆ: ನೀಲಿ
- 650ರಾಚೆ, ಕೆಂಪು ಹೋದರೆ: ನೀಲಿ ಹಸಿರು

ಕ್ಯಾರೊಟೀನ್ 450 ಸುತ್ತ ನುಂಗುತ್ತದೆ, ಹಾಗಾಗಿ ಹಳದಿ ಕಿತ್ತಳೆ. ಲೈಕೊಪೀನ್‌ಗೆ 472ರ ಜೊತೆ 503ರ ಸುತ್ತ ಇನ್ನೊಂದು ಶಿಖರ ಇದೆ. ಅದು ಹಸಿರಿನ ಒಂದು ಪಾಲನ್ನೂ ತೆಗೆದುಬಿಡುತ್ತದೆ. ಅದಕ್ಕೇ ಅದು ಕೆಂಪಿನತ್ತ ವಾಲಿದೆ. ಕೇವಲ 20 ನ್ಯಾನೋಮೀಟರ್ ಸರಿದದ್ದು ಕಣ್ಣಿಗೆ ಇಷ್ಟು ದೊಡ್ಡದಾಗಿ ಕಾಣುವುದು ನೀಲಿ–ಹಸಿರಿನ ಗಡಿಯಲ್ಲಿ ಸರಿದದ್ದರಿಂದ. ಅಷ್ಟೇ ಸರಿತ 300ರ ಹತ್ತಿರ ಆಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಈಗ ರೆಟಿನಾಲ್. 325 ಅತಿನೇರಳೆ, ಹಾಗಾಗಿ ಬಣ್ಣವೇ ಇರಬಾರದು, ಅಲ್ವಾ? ಆದರೆ ಶುದ್ಧ ರೆಟಿನಾಲ್ ಹರಳುಗಳು ತಿಳಿ ಹಳದಿ. ಸೂತ್ರ ಸುಳ್ಳು ಹೇಳಲಿಲ್ಲ. ಅದು ಹೇಳಿದ್ದು ಶಿಖರದ ಜಾಗವನ್ನು. ಹೀರುವಿಕೆ ಗೆರೆಯಂತೆ ಸಣ್ಣದಲ್ಲ, ಗುಡ್ಡದಂತೆ ಅಗಲ. ಗುಡ್ಡದ ತಪ್ಪಲು 400 ದಾಟಿ ನೇರಳೆಯ ಒಂದು ಚೂರನ್ನು ಕಿತ್ತುಕೊಳ್ಳುತ್ತದೆ. ಶಿಖರ 320ರಿಂದ 400ರ ನಡುವೆ ಬಂದರೆ "ಬಣ್ಣವಿಲ್ಲ" ಎಂದು ಖಡಾಖಂಡಿತ ಬರೆಯಬೇಡಿ, "ಬಣ್ಣವಿಲ್ಲ ಅಥವಾ ತಿಳಿ ಹಳದಿ" ಎಂದು ಬರೆಯಿರಿ.

ಎಷ್ಟು ಪ್ರಮಾಣ ಕರಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಲೀಟರ್ ಹೆಕ್ಸೇನ್‌ನಲ್ಲಿ ಬರೀ 4 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಇದ್ದರೂ, 1 ಸೆಂಟಿಮೀಟರ್ ದಾಟುವಷ್ಟರಲ್ಲಿ 450ರ ಬೆಳಕಿನ ಹತ್ತರಲ್ಲಿ ಒಂಬತ್ತು ಪಾಲು ಮಾಯ. ಅಷ್ಟು ಗಟ್ಟಿಯಾಗಿ ಹೀರುತ್ತದೆ. ಇನ್ನೂ ದಪ್ಪ ದ್ರಾವಣದಲ್ಲಿ ಗುಡ್ಡದ ತಪ್ಪಲುಗಳೂ ಪೂರ್ತಿ ನುಂಗತೊಡಗುತ್ತವೆ. ತೆಳುವಾಗಿದ್ದಾಗ ಹಳದಿಯಾಗಿದ್ದ ದ್ರಾವಣ ದಪ್ಪವಾದಾಗ ಕಿತ್ತಳೆ ಕೆಂಪಾಗುತ್ತದೆ. ಅಣು ಬದಲಾಗಿಲ್ಲ. ಗ್ರಾಫ್‌ನ ತಲೆ ಚಪ್ಪಟೆಯಾಗಿ ಕತ್ತರಿಸಿದಂತೆ ಕಂಡರೆ ದ್ರಾವಣ ತೀರಾ ದಪ್ಪ ಇದೆ ಎಂದೇ ಅರ್ಥ. ತೆಳು ಮಾಡಿ ಮತ್ತೆ ಅಳೆಯಿರಿ.

## ಹಂತ 6: ಬಣ್ಣದ ತಯಾರಿಗೆ ಬರೀ ಉದ್ದ ಸಾಲುವುದಿಲ್ಲ

ಇಲ್ಲಿಗೆ ನಿಲ್ಲಿಸಿದರೆ ಒಂದು ತಪ್ಪು ಕಲ್ಪನೆ ಉಳಿಯುತ್ತದೆ: ನೀಲಿ ಬೇಕಾದರೆ ಸರಪಳಿಯನ್ನು ಉದ್ದ ಮಾಡುತ್ತಾ ಹೋದರಾಯಿತು ಎಂದು. ಪಾಲಿಯೀನ್‌ನಲ್ಲಿ ಆ ಆಟ ನಡೆಯುವುದಿಲ್ಲ. 11 ದ್ವಿಬಂಧ ಹಾಕಿದರೂ ಕ್ಯಾರೊಟೀನ್ ಮುಟ್ಟಿದ್ದು 450 ಮಾತ್ರ.

ಕಾರಣ ಹಂತ 1ರ ಆ ಷರತ್ತು. ಎಲ್ಲ ಬಂಧಗಳೂ ಒಂದೇ ಥರ ಇದ್ದರೆ ಅಂತರ ಸೊನ್ನೆಯತ್ತ ಇಳಿಯುತ್ತಿತ್ತು. ಪಾಲಿಯೀನ್‌ನಲ್ಲಿ ಬಂಧಗಳು ಒಂದೇ ಥರ ಇಲ್ಲ. ದ್ವಿಬಂಧ ಗಿಡ್ಡ, ಏಕಬಂಧ ಉದ್ದ, ಮತ್ತೆ ಗಿಡ್ಡ, ಮತ್ತೆ ಉದ್ದ. ಎಲೆಕ್ಟ್ರಾನ್‌ಗಳು ಪೂರ್ತಿ ಹರಡಿಕೊಳ್ಳದೆ ದ್ವಿಬಂಧಗಳ ಮೇಲೆ ಗುಂಪುಗೂಡುತ್ತವೆ. ಎಷ್ಟು ಉದ್ದ ಮಾಡಿದರೂ ಒಂದು ಅಂತರ ಉಳಿದೇ ಉಳಿಯುತ್ತದೆ.

ಸಯನೀನ್ ಬಣ್ಣಗಳು ಇದರಿಂದ ತಪ್ಪಿಸಿಕೊಳ್ಳುತ್ತವೆ. ಸರಪಳಿಯ ಎರಡೂ ತುದಿಯಲ್ಲಿ ನೈಟ್ರೋಜನ್ ಇಡುತ್ತಾರೆ. ಒಂದು ತನ್ನ ಒಂಟಿ ಜೋಡಿಯನ್ನು ಸರಪಳಿಗೆ ಕೊಡುತ್ತದೆ, ಇನ್ನೊಂದು ಧನ ಆವೇಶ ಹೊತ್ತಿದೆ. ಚಿತ್ರವನ್ನು ಬಲದಿಂದ ಎಡಕ್ಕೆ ತಿರುಗಿಸಿ ಬರೆದರೂ ಅದೇ ಅಣು. ಒಂದು ಚಿತ್ರದಲ್ಲಿ ದ್ವಿಬಂಧ ಇದ್ದ ಕಡೆ ಇನ್ನೊಂದರಲ್ಲಿ ಏಕಬಂಧ. ನಿಜವಾದ ಅಣು ಎರಡರ ನಡುವೆ ಇರುವುದರಿಂದ ಎಲ್ಲ ಬಂಧಗಳೂ ಹೆಚ್ಚುಕಡಿಮೆ ಸಮ. ಷರತ್ತು ಇಲ್ಲಿ ಈಡೇರಿತು.

ಇಂಥ ಅಣುವಿಗೆ ಹಾನ್ಸ್ ಕೂನ್ 1949ರಲ್ಲಿ ಕೊಟ್ಟ ಲೆಕ್ಕ ತುಂಬಾ ಸರಳ. ಎಲೆಕ್ಟ್ರಾನ್‌ಗಳನ್ನು L ಉದ್ದದ ಪೆಟ್ಟಿಗೆಯಲ್ಲಿ ಕೂಡಿಹಾಕಿದಂತೆ ಭಾವಿಸುವುದು. ನ್ಯಾನೋಮೀಟರ್‌ನಲ್ಲಿ ಬರೆದರೆ:

```
λ = 3297 × L² / (N + 1)
```

N ಅಂದರೆ ಪೈ ಎಲೆಕ್ಟ್ರಾನ್‌ಗಳ ಸಂಖ್ಯೆ. ಸರಪಳಿ ಉದ್ದವಾದರೆ N ಕೂಡ ಹೆಚ್ಚುತ್ತದೆ, ಆದರೆ L ಇರುವುದು ವರ್ಗದಲ್ಲಿ. ವರ್ಗ ಗೆಲ್ಲುತ್ತದೆ, ತರಂಗಾಂತರ ಹೆಚ್ಚುತ್ತದೆ. ಉದ್ದಕ್ಕೂ ಬಣ್ಣಕ್ಕೂ ಇರುವ ನಂಟು ಇಷ್ಟು ಬಿಚ್ಚಿಟ್ಟಂತೆ ಇನ್ನೆಲ್ಲೂ ಕಾಣುವುದಿಲ್ಲ ಎಂದು ನನಗನಿಸುತ್ತದೆ.

ಎರಡು ಡೈಮೀಥೈಲ್ ಅಮೈನ್ ತುದಿಗಳ ನಡುವೆ 7 ಕಾರ್ಬನ್ ಇರುವ ಸಯನೀನ್ ತೆಗೆದುಕೊಳ್ಳಿ. ಕಾರ್ಬನ್‌ಗಳಿಂದ 7 ಎಲೆಕ್ಟ್ರಾನ್, ಒಂಟಿ ಜೋಡಿಯಿಂದ 2, ಧನ ಆವೇಶದ ನೈಟ್ರೋಜನ್‌ನಿಂದ 1. ಒಟ್ಟು 10. ಒಂದು ನೈಟ್ರೋಜನ್‌ನಿಂದ ಇನ್ನೊಂದಕ್ಕೆ 8 ಬಂಧ. ಎಲೆಕ್ಟ್ರಾನ್‌ಗಳು ತುದಿಯಿಂದ ಸ್ವಲ್ಪ ಆಚೆಗೂ ಚಾಚುವುದರಿಂದ ಎರಡೂ ಕಡೆ ಒಂದೊಂದು ಸೇರಿಸಿ 10 ಬಂಧ. ಒಂದರ ಉದ್ದ 0.139 ನ್ಯಾನೋಮೀಟರ್, ಹಾಗಾಗಿ L = 1.39.

```
3297 × 1.39² / 11 = 579
```

ಅಳೆದರೆ ಸುಮಾರು 519. ಶೇಕಡಾ ಹನ್ನೆರಡರಷ್ಟು ಜಾಸ್ತಿ ಬಂತು. ಇಷ್ಟು ಒರಟು ಮಾದರಿಗೆ ಇದು ಕೆಟ್ಟದ್ದೇನಲ್ಲ, ಆದರೆ ಬಣ್ಣ ಹೇಳುವಾಗ ಅಳತೆಯನ್ನೇ ನಂಬಿ. 3 ಕಾರ್ಬನ್‌ಗೆ ಲೆಕ್ಕ 328, ಅಳತೆ 313. 5 ಕಾರ್ಬನ್‌ಗೆ ಲೆಕ್ಕ 453, ಅಳತೆ 416. ಉದ್ದವಾದಷ್ಟೂ ತಪ್ಪು ಬೆಳೆಯುತ್ತಿದೆ, ಅದನ್ನು ಗಮನಿಸಿ.

ಅಳತೆಗಳನ್ನು ಸಾಲಾಗಿ ಇಟ್ಟರೆ 313, 416, 519, 9 ಕಾರ್ಬನ್‌ಗೆ 625. ಪ್ರತಿ ಸಲ ಎರಡು ಕಾರ್ಬನ್ ಸೇರಿಸಿದಾಗ ಸುಮಾರು 100 ನ್ಯಾನೋಮೀಟರ್. ಪಾಲಿಯೀನ್ ಥರ ಹೆಜ್ಜೆ ಸಣ್ಣದಾಗುತ್ತಿಲ್ಲ. ಹಂತ 5ರ ಪಟ್ಟಿಗೆ ಹಾಕಿ ನೋಡಿ: ಮೊದಲನೆಯದಕ್ಕೆ ಬಣ್ಣವಿಲ್ಲ, ಎರಡನೆಯದು ಹಳದಿ, ಮೂರನೆಯದು ಕೆಂಪು, ನಾಲ್ಕನೆಯದು ನೀಲಿ. ಬರೀ ಆರು ಕಾರ್ಬನ್‌ಗಳಲ್ಲಿ ಇಷ್ಟು ದೂರ.

ಪೆಟ್ಟಿಗೆಯ ಸೂತ್ರವನ್ನು ಕ್ಯಾರೊಟೀನ್‌ಗೆ ಹಾಕಲು ಹೋಗಬೇಡಿ. ಒಮ್ಮೆ ಸುಮ್ನೆ ಹಾಕಿ ನೋಡೋಣ: 22 ಎಲೆಕ್ಟ್ರಾನ್, 23 ಬಂಧದ ಪೆಟ್ಟಿಗೆ, L ಸುಮಾರು 3.2. ಉತ್ತರ ಸುಮಾರು 1465 ನ್ಯಾನೋಮೀಟರ್. ಅಂದರೆ ಇನ್ಫ್ರಾರೆಡ್, ಕ್ಯಾರೊಟೀನ್‌ಗೆ ಬಣ್ಣವೇ ಇರಬಾರದಿತ್ತು. ಇಷ್ಟು ದೂರದ ಉತ್ತರ ಬಂದರೆ ಗುಣಾಕಾರ ಮತ್ತೆ ಮಾಡುವುದು ಬೇಡ. ಬಂಧಗಳು ಸಮ ಇಲ್ಲದ ಅಣುವಿಗೆ ಸಮ ಬಂಧಗಳ ಸೂತ್ರ ಹಾಕಿದ್ದೀರಿ.

## ಹಂತ 7: ಸರಪಳಿಯನ್ನು ಕಡಿದು ಪರೀಕ್ಷಿಸಿ

ಬಣ್ಣಕ್ಕೆ ಕಾರಣ ಕಾಂಜುಗೇಶನ್ನೇ ಎಂದು ಕಣ್ಣಾರೆ ನೋಡಬೇಕೇ? ಫಿನಾಲ್ಫ್‌ಥಲೀನ್ ಸಾಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಹಾರಿದರೆ ತಮಾಷೆಯಲ್ಲ.

ಪ್ರನಾಳದಲ್ಲಿ 5 ಮಿಲಿಲೀಟರ್ ನೀರು, ಎರಡು ಹನಿ ಫಿನಾಲ್ಫ್‌ಥಲೀನ್. ಬಣ್ಣವಿಲ್ಲ. ಅಣುವಿನಲ್ಲಿ ಮೂರು ಬೆಂಜೀನ್ ಉಂಗುರಗಳಿವೆ, ದ್ವಿಬಂಧಗಳು ಧಾರಾಳ. ಆದರೆ ಮೂರನ್ನೂ ಹಿಡಿದಿರುವ ನಡುವಿನ ಕಾರ್ಬನ್‌ಗೆ ನಾಲ್ಕು ಏಕಬಂಧ. ಮೂರು ಉಂಗುರಗಳು ಮೂರು ಒಂಟಿ ದ್ವೀಪಗಳು.

ಒಂದು ಹನಿ ತೆಳು ಹೈಡ್ರಾಕ್ಸೈಡ್ ಹಾಕಿ. ನಡುವಿನ ಕಾರ್ಬನ್ ತನ್ನ ಆಕ್ಸಿಜನ್ ಕೈಯನ್ನು ಬಿಟ್ಟು ಚಪ್ಪಟೆಯಾಗುತ್ತದೆ. ದ್ವೀಪಗಳ ನಡುವೆ ಸೇತುವೆ ಬಿತ್ತು. ಹೀರುವಿಕೆ 552ರ ಸುತ್ತ ಬಂದು ಗಾಢ ಗುಲಾಬಿ ಕಾಣುತ್ತದೆ. ಇಲ್ಲೂ ಸಯನೀನ್ ಥರವೇ, ಸರಪಳಿಯ ಎರಡು ತುದಿಯ ಆಕ್ಸಿಜನ್‌ಗಳು ಆವೇಶವನ್ನು ಹಂಚಿಕೊಂಡಿವೆ.

ಈಗ ಗಟ್ಟಿ ಹೈಡ್ರಾಕ್ಸೈಡ್ ಹಾಕಿ, 1 ಮೋಲಾರ್ ಅಥವಾ ಅದಕ್ಕಿಂತ ಹೆಚ್ಚಿನದನ್ನು, ಧಾರಾಳವಾಗಿ. ಕೆಲವು ನಿಮಿಷಗಳಲ್ಲಿ ಗುಲಾಬಿ ಮಾಸಿ ಹೋಗುತ್ತದೆ. ಮೊದಲ ಸಲ ಇದನ್ನು ನೋಡಿದಾಗ ಸೂಚಕ ಹಾಳಾಗಿದೆ ಎಂದುಕೊಂಡು ನಾನು ಇಡೀ ಬಾಟಲಿಯನ್ನು ಚೆಲ್ಲಿ ಹೊಸದು ಮಾಡಿದೆ. ಹೊಸದೂ ಮಾಸಿತು. ಆಗಿದ್ದಿಷ್ಟೇ: ಹೈಡ್ರಾಕ್ಸೈಡ್ ಆ ನಡುವಿನ ಕಾರ್ಬನ್‌ಗೇ ಬಂದು ಅಂಟಿಕೊಂಡಿತ್ತು. ಅದಕ್ಕೆ ಮತ್ತೆ ನಾಲ್ಕು ಏಕಬಂಧ, ಸೇತುವೆ ಮತ್ತೆ ಮುರಿದಿತ್ತು. ಚೆಲ್ಲುವ ಬದಲು ತೆಳು ಆಮ್ಲವನ್ನು ಹನಿ ಹನಿಯಾಗಿ ಹಾಕಿ, ಅಲ್ಲಾಡಿಸಿ, ಸ್ವಲ್ಪ ಕಾಯಿರಿ. ಗುಲಾಬಿ ಮರಳಿ ಬರುತ್ತದೆ. ಇನ್ನೂ ಹಾಕಿದರೆ ಮತ್ತೆ ಹೋಗುತ್ತದೆ, ಆ ಸಲ ಮೊದಲಿದ್ದ ಆಕ್ಸಿಜನ್ ಕೈಯೇ ವಾಪಸ್ ಬಂದು ಕೂತಿರುತ್ತದೆ.